ಹಾಲು ಬಾರದ ಎಕ್ಕ

ಸವದತ್ತಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅವತ್ತು ಬಿ.ಎಸ್ಸಿ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನ ಪರೀಕ್ಷಕರು ಬೈಲಹೊಂಗಲದಿಂದ ಬಂದ ಹಿರಿಯರು. ಒಳಗಿನ ಪರೀಕ್ಷಕ ನಾನು, ಪಾಠ ಮಾಡಿದವನೂ ನಾನೇ. ಮೇಜಿನ ಮೇಲೆ ಎಕ್ಕ, ಹಳದಿ ಕಣಗಿಲೆ, ತುಳಸಿ, ಲಕ್ಕಿ. ಇವನ್ನು ಗುರುತಿಸುವ ಕೀಲಿ ಬರೆದು, ಪ್ರತಿಯೊಂದರ ಕುಟುಂಬ ಹೇಳಬೇಕಿತ್ತು.

ಸುರೇಬಾನದ ಒಬ್ಬ ಹುಡುಗಿ ನಾಲ್ಕು ಗಿಡಕ್ಕೆ ಎರಡೇ ಕುಟುಂಬ ಬರೆದಿದ್ದಳು. ಹಿರಿಯರು ತಮ್ಮ ಕಾಲದಲ್ಲಿ ಕಲಿತದ್ದು ನಾಲ್ಕು ಕುಟುಂಬ. ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿಬಿಟ್ಟರು. ಕೀಲಿಯೂ ತಪ್ಪಾದರೆ ಹುಡುಗಿ ಫೇಲು, ಧಾರವಾಡದ ಎಂ.ಎಸ್ಸಿ. ಸೀಟು ಹೋದಂತೆಯೇ. ಅವಳು ಬರೆದದ್ದು ಸರಿ, ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಪರೀಕ್ಷೆ ನಡೆದಾಗ ಪಾಠ ಮಾಡಿದವನು ಬಾಯಿ ಬಿಡುವಂತಿಲ್ಲ.

ಕೀಲಿಯೆಂದರೆ ಕವಲುದಾರಿ. ಪ್ರತಿ ಕವಲಿನಲ್ಲೂ ಎರಡು ಮಾತು, ಗಿಡಕ್ಕೆ ಹೊಂದುವುದನ್ನು ಆರಿಸಿ ಮುಂದೆ ಹೋದರೆ ಕೊನೆಗೆ ಹೆಸರು ಸಿಗುತ್ತದೆ. ಅವಳ ಕೀಲಿ ಪರೀಕ್ಷಿಸಲು ಹಿರಿಯರು ಎಕ್ಕದ ಎಲೆ ಮುರಿದರು. ಮುಂಜಾನೆ ಕಿತ್ತ ಟೊಂಗೆ ಫ್ಯಾನಿನ ಕೆಳಗೆ ಬಾಡಿತ್ತು, ಹಾಲು ಬರಲಿಲ್ಲ. 'ಹಾಲಿಲ್ಲ' ಎಂಬ ಕವಲು ಹಿಡಿದರು. ಅಲ್ಲಿ ಎಲೆ ಬೆರಳಿನಂತೆ ಸೀಳಿದ್ದರೆ ಲಕ್ಕಿ, ಇಲ್ಲದಿದ್ದರೆ ತುಳಸಿ.

"ನಿನ್ನ ಕೀಲಿ ಹಿಡದ್ರ ಎಕ್ಕಿ ತುಳಸಿ ಆಗತೈತಲ್ಲ ತಂಗಿ," ಎಂದರು.

"ಅರ್ಧಾ ಸಾಲ ಓದೀರಿ ಸರ್," ಎಂದಳು ಅವಳು. "ಮುಂದ ಕಾಂಡದ್ದೂ ಐತ್ರಿ."

ನಿಜ. ಒಂದು ಕಡೆ 'ಹಾಲಿದೆ, ಕಾಂಡ ದುಂಡಗೆ', ಇನ್ನೊಂದು ಕಡೆ 'ಹಾಲಿಲ್ಲ, ಎಳೆ ಕಾಂಡ ಚೌಕ' ಎಂದು ಬರೆದಿದ್ದಳು. ಹಿರಿಯರು ಎಕ್ಕದ ಟೊಂಗೆಯನ್ನು ಬೆರಳಲ್ಲಿ ಹೊರಳಿಸಿದರು. ದುಂಡಗಿತ್ತು. ಕಂಪೌಂಡಿಗೆ ಹೋಗಿ ಹೊಸ ಟೊಂಗೆ ಮುರಿದರು, ಹಾಲು ಅಂಗಿಯ ತೋಳಿಗೆ ಸುರಿಯಿತು. ಈ ಸಲ 'ಎಲೆ ಎದುರುಬದುರು' ಎಂಬ ಕವಲಿನಲ್ಲಿ ಎಕ್ಕ ಸಿಕ್ಕಿತು. ಎಲೆ ಒಂದಾದ ಮೇಲೊಂದು ಇದ್ದರೆ ಕಣಗಿಲೆ.

ಆದರೂ ಸೊನ್ನೆ ಹಾಗೇ ಇತ್ತು. ಎರಡೇ ಕುಟುಂಬ ಯಾಕೆಂದು ಕೇಳಿದರು. ಗಿಡಗಳ ಡಿಎನ್‌ಎ ಹೋಲಿಸಿದಾಗ ಎಕ್ಕದ ಗುಂಪು ಕಣಗಿಲೆಯ ವಂಶದೊಳಗಿಂದಲೇ ಕವಲೊಡೆದದ್ದು ತಿಳಿಯಿತು, ಅದಕ್ಕೇ ಎಕ್ಕದ ಬೇರೆ ಕುಟುಂಬ ಮುಚ್ಚಿ ಎರಡನ್ನೂ ಒಂದೇ ಮಾಡಿದರು, ಲಕ್ಕಿಯನ್ನೂ ಹೀಗೆಯೇ ತುಳಸಿಯ ಕುಟುಂಬಕ್ಕೆ ತಂದರು ಎಂದು ಹೇಳಿದಳು. ಹಾಗಾದರೆ ಕೀಲಿಯಲ್ಲಿ ಡಿಎನ್‌ಎ ಯಾಕಿಲ್ಲ ಎಂದು ಕೆಣಕಿದರು.

"ಕೀಲಿ ಹೆಸರ ಹುಡುಕಾಕ್ರಿ ಸರ್, ಕಣ್ಣಿಗೆ ಕಾಣೂದ ಇದ್ರ ಸಾಕು. ಬಳಗ ಯಾರಂತ ಹೇಳಾಕ ಡಿಎನ್‌ಎ ಬೇಕ್ರಿ."

ಹಿರಿಯರು ನನ್ನ ಕಡೆ ನೋಡಿದರು. "ನೀವ ಕಲಿಸೀರೇನ್ರಿ?" ಹೌದೆಂದೆ. ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಬರೆದರು. ತಿದ್ದಿದಲ್ಲಿ ಇಬ್ಬರೂ ಸಹಿ ಮಾಡಬೇಕೆಂಬುದು ನಿಯಮ. ಅವರು ಸಣ್ಣಗೆ ಮಾಡಿದರು. ಸಂತೋಷದಲ್ಲಿ ನನ್ನ ಸಹಿ ಹಾಳೆಯ ಅಂಚಿನ ಗೆರೆ ದಾಟಿತು.