ಜಯಲತಾ ಅವರು ಕಾಯ್ದೆ ಪ್ರಕಾರ ಮಾಡಿದ ಮುಷ್ಕರ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶಾಂಪೂ ಬಾಟಲಿಗಳಿಗೆ ಮುಚ್ಚಳ ತಯಾರಿಸುವ ಒಂದು ಕಾರ್ಖಾನೆ. ಅದರ ಪ್ಯಾಕಿಂಗ್ ವಿಭಾಗದಲ್ಲಿ ಜಯಲತಾ ಇಪ್ಪತ್ತೆರಡು ವರ್ಷ ದುಡಿದಿದ್ದರು. ಅಷ್ಟು ವರ್ಷಗಳಲ್ಲಿ ಅವರು ಕಂಪನಿಯ ಹತ್ತಿರ ಕೇಳಿದ್ದು ಒಂದೇ ಒಂದು ವಸ್ತು: ಬಟ್ಟೆ ಬದಲಾಯಿಸುವ ಕೋಣೆಗೆ ಒಂದು ಚಿಲಕ. ಅದೂ ಸಿಕ್ಕಿರಲಿಲ್ಲ. ಅವರು ಎರಡನೇ ಸಲ ಕೇಳಲೂ ಇಲ್ಲ. ಇಂಥವರು ಯೂನಿಯನ್ನಿನ ಅಧ್ಯಕ್ಷರಾಗಬೇಕೆಂದು ಕಂಪನಿಯ ಎಚ್‌ಆರ್ ಮ್ಯಾನೇಜರ್ ಮನೀಶ ತೀರ್ಮಾನಿಸಿದ್ದು ಅದೇ ಕಾರಣಕ್ಕೆ.

ಅದು 2022ರ ಮಾತು. ಭಿವಂಡಿಯ ಯಶ್ವಂತ್ ದಾದಾ ಎಂಬ ಯೂನಿಯನ್ ನಾಯಕರು ವಾರಕ್ಕೆರಡು ಸಲ ಬಿಳಿ ಗಾಡಿಯಲ್ಲಿ ಗೇಟಿಗೆ ಬಂದು ಬಾವುಟ ಹಂಚತೊಡಗಿದ್ದರು. ಮಾಲೀಕರಾದ ಸೇಠ್‌ಜಿಗೆ ಬಿಪಿ ಏರಿತ್ತು. ಹೊರಗಿನ ಯೂನಿಯನ್ ಒಳಗೆ ಬರುವ ಮುಂಚೆ ಒಳಗಿನದೇ ಒಂದನ್ನು ಕಟ್ಟಿಬಿಡಬೇಕು ಎಂಬ ಉಪಾಯ ಮನೀಶನದು. ಅವನ ಅಪ್ಪ-ಅಮ್ಮ ಕುಂದಾಪುರ ಕಡೆಯವರು. ಎಂಟು ವರ್ಷಗಳಿಂದ ಜಯಲತಾ ಜೊತೆ ಹಿಂದಿಯಲ್ಲೇ ಮಾತಾಡುತ್ತಿದ್ದವನಿಗೆ ಅವತ್ತು ಇದ್ದಕ್ಕಿದ್ದಂತೆ ಕನ್ನಡ ನೆನಪಾಯಿತು.

“ಜಯಕ್ಕಾ, ನಾವೆಲ್ಲ ಒಂದೇ ಊರ್ ಕಡೆಯವ್ರು. ನೀವು ಅಧ್ಯಕ್ಷರಾಗಿ. ಕೆಲಸ ಎಂತದ್ದೂ ಇಲ್ಲ. ರಿಜಿಸ್ಟರು, ರಬ್ಬರ್ ಸ್ಟಾಂಪು ಎಲ್ಲ ಕಂಪನಿಯೇ ಕೊಡ್ತದೆ.”

ಜಯಲತಾ ಅವರಿಗೆ ಯೂನಿಯನ್ ಗೊತ್ತಿರಲಿಲ್ಲ, ಆದರೆ ರಿಜಿಸ್ಟರ್ ಗೊತ್ತಿತ್ತು. ತಮ್ಮ ಬಿಲ್ಡಿಂಗಿನ ಭಜನಾ ಮಂಡಳಿಯ ಕಾರ್ಯದರ್ಶಿಯಾಗಿ ಹದಿನಾಲ್ಕು ವರ್ಷ ಅವರು ಒಂದೇ ಒಂದು ಸಭೆಯ ನಡಾವಳಿಯನ್ನೂ ತಪ್ಪಿಸಿದವರಲ್ಲ. ಯಾರು ತಡವಾಗಿ ಬಂದರು, ಯಾರು ತಾಳ ತಪ್ಪಿದರು ಎಂಬುದೂ ಅದರಲ್ಲಿತ್ತು. ಯಾವುದನ್ನೇ ಒಪ್ಪಿಕೊಂಡರೂ ನಿಯಮ ಓದದೆ ಕೂರುವ ಜಾತಿಯಲ್ಲ. ಠಾಣೆ ನಗರದ ಕೋರ್ಟಿನ ಎದುರಿನ ಅಂಗಡಿಯಲ್ಲಿ ಕಾರ್ಮಿಕ ಕಾಯ್ದೆಯ ಮರಾಠಿ ಪುಸ್ತಕ ಕೊಂಡು ತಂದು, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಓದಿದರು.

ವಾರದ ನಂತರ ರಿಜಿಸ್ಟರು, ಸ್ಟಾಂಪು ಎರಡನ್ನೂ ಮನೀಶನ ಮೇಜಿನ ಮೇಲೆ ವಾಪಸ್ ಇಟ್ಟರು.

“ಮಾಲೀಕರೇ ಯೂನಿಯನ್ ಕಟ್ಟಿಸಿ ಸಾಕುವುದು ಕಾಯ್ದೆಯಲ್ಲಿ ಅನುಚಿತ ಅಂತ ಉಂಟು ಮನೀಶ್. ನಿಮ್ಗೆ ತೊಂದರೆ ಆಗ್ಬಾರ್ದು. ನಾನೇ ದುಡ್ಡು ಕೊಟ್ಟು ಬೇರೆ ತಂದಿದ್ದೇನೆ.”

ಮನೀಶನಿಗೆ ಇವರ ನಿಷ್ಠೆ ನೋಡಿ ಕಣ್ಣು ತುಂಬಿ ಬಂತು.

ಯೂನಿಯನ್ ನೋಂದಣಿಯಾಯಿತು. ಜಯಲತಾ ಪ್ರತಿ ತಿಂಗಳು ಚಂದಾ ಎತ್ತಿದರು, ರಸೀದಿ ಕೊಟ್ಟರು, ಮೂರು ತಿಂಗಳಿಗೊಮ್ಮೆ ಆಗಬೇಕಾದ ಕಾರ್ಯಕಾರಿ ಸಭೆಯನ್ನು ತಿಂಗಳಿಗೊಮ್ಮೆ ಮಾಡಿದರು. ಮಾನ್ಯತೆ ಬೇಕಾದರೆ ಒಟ್ಟು ಕಾರ್ಮಿಕರಲ್ಲಿ ನೂರಕ್ಕೆ ಮೂವತ್ತು ಮಂದಿಯಾದರೂ ಹಿಂದಿನ ಆರು ತಿಂಗಳೂ ಸದಸ್ಯರಾಗಿರಬೇಕು. ಇವರಲ್ಲಿ ಇನ್ನೂರ ಮೂವತ್ತರಲ್ಲಿ ನೂರ ಅರವತ್ತೆಂಟು ಮಂದಿ ಇದ್ದರು. ಠಾಣೆಯ ಕೈಗಾರಿಕಾ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ತಪಾಸಣಾ ಅಧಿಕಾರಿ ಬಂದು ರಸೀದಿ ಪುಸ್ತಕ ತಿರುವಿ, ತಿದ್ದಿದ ಒಂದಂಕಿಯೂ ಕಾಣದೆ ಕೊಂಚ ಬೇಸರದಿಂದಲೇ ಹೋದರು. ಕಂಪನಿ ತಕರಾರು ತೆಗೆಯಲಿಲ್ಲ. ಯಶ್ವಂತ್ ದಾದಾರ ಯೂನಿಯನ್ನಿನಲ್ಲಿ ಬಾವುಟಗಳಿದ್ದವು, ರಸೀದಿಗಳಿರಲಿಲ್ಲ. ಮಾನ್ಯತಾ ಪತ್ರ ಜಯಲತಾ ಕೈಗೆ ಬಂತು. ಸೇಠ್‌ಜಿ ಕಾರ್ಖಾನೆಗೆಲ್ಲ ಪೇಢೆ ಹಂಚಿಸಿದರು.

ಪೇಢೆ ತಿಂದು ಕೈ ತೊಳೆದ ಮರುದಿನವೇ ಜಯಲತಾ ಬೇಡಿಕೆ ಪಟ್ಟಿ ಕೊಟ್ಟರು: ಸಂಬಳ ಏರಿಕೆ, ಓವರ್‌ಟೈಮಿಗೆ ಎರಡು ಪಟ್ಟು, ರಾತ್ರಿ ಪಾಳಿಯವರಿಗೆ ಸ್ಟೇಷನ್‌ವರೆಗೆ ಬಸ್ಸು.

“ಇದೆಂತದು ಅಕ್ಕಾ?” ಎಂದ ಮನೀಶ.

“ಮಾನ್ಯತೆ ಸಿಕ್ಕಿದ ಯೂನಿಯನ್ ಅಲ್ವಾ? ಎಲ್ಲರ ಪರವಾಗಿ ಮಾತಾಡುವುದು ಈಗ ನಮ್ಮದೇ ಕೆಲಸ.”

ಮಾತುಕತೆ ನಡೆಯಿತು. ಹತ್ತು ತಿಂಗಳಲ್ಲಿ ಹನ್ನೊಂದು ಸಭೆ. ಮನೀಶ ಪ್ರತಿ ಸಭೆಯಲ್ಲೂ ಬಿಸ್ಕತ್ತು ಕೊಟ್ಟ, ಮಾರುಕಟ್ಟೆಯ ಕಷ್ಟ ಹೇಳಿದ, ಕಂಪನಿ ಒಂದು ಕುಟುಂಬ ಎಂದ. ಜಯಲತಾ ಮೂರನ್ನೂ ಬರೆದುಕೊಂಡರು, ಬಿಸ್ಕತ್ತಿನ ಸಂಖ್ಯೆ ಸಮೇತ.

ಮೋಲ್ಡಿಂಗ್ ಯಂತ್ರದ ಶೇಖರನಿಗೆ ತಾಳ್ಮೆ ಕಮ್ಮಿ. “ಜಯಕ್ಕ, ನಾಳೆಯಿಂದ್ಲೇ ಬಂದ್ ಮಾಡುವ. ಬರೆದು ಬರೆದು ನಿಮ್ಮ ಪೆನ್ನು ಸವೀತದೆ, ಅವ್ರ ಮನಸ್ಸು ಕರಗುದಿಲ್ಲ.”

“ಮೊದಲು ಮತದಾನ. ಆಮೇಲೆ ನೋಟಿಸು. ನೋಟಿಸಿನ ಮೇಲೆ ಹದಿನಾಲ್ಕು ದಿನ. ಆಮೇಲೆ ಬಂದ್.”

ಮತದಾನವಾಯಿತು. ನೂರ ಮೂವತ್ತೊಂದು ಮಂದಿ ಬಂದರು. ಮುಷ್ಕರ ಬೇಕು ಎಂದವರು ಎಂಬತ್ತನಾಲ್ಕು, ಬೇಡ ಎಂದವರು ನಲವತ್ತೇಳು. ಸಿಳ್ಳೆಗಳು ಬಿದ್ದವು. ಶೇಖರನನ್ನು ಯಾರೋ ಹೆಗಲ ಮೇಲೆ ಕೂರಿಸಿಯೂ ಆಯಿತು.

“ಇಳೀ ಶೇಖರಾ,” ಎಂದರು ಜಯಲತಾ. “ಗೆದ್ದಿಲ್ಲ. ಬಂದವರಲ್ಲಿ ಬಹುಮತ ಸಾಲದು, ಸದಸ್ಯರಲ್ಲಿ ಬಹುಮತ ಬೇಕು. ನೂರ ಅರವತ್ತೆಂಟರಲ್ಲಿ ಎಂಬತ್ತನಾಲ್ಕು ಅಂದ್ರೆ ಸರಿಯಾಗಿ ಅರ್ಧ. ಒಂದು ಮತ ಕಮ್ಮಿ.”

“ಒಂದು ಮತಕ್ಕೆ ಎಂತ ಸಾವು ಮಾರಾಯ್ತಿ! ಯಾರಿಗೆ ಗೊತ್ತಾಗ್ತದೆ?”

“ನಂಗೆ ಗೊತ್ತಾಯ್ತಲ್ಲ.”

ಸೋಲನ್ನು ತಾವೇ ನೋಟಿಸ್ ಬೋರ್ಡಿಗೆ ಹಚ್ಚಿದರು. ನಾಲ್ಕು ದಿನ ಶೇಖರ ಅವರ ಮುಖ ನೋಡಲಿಲ್ಲ. ಮಾಜಿವಾಡಾದ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದ ಗಂಡ ಗುಣಪಾಲ ಊಟಕ್ಕೆ ಕೂತಾಗ ಕೇಳಿದರು: “ನೀನು ಯಾರ ಅಧ್ಯಕ್ಷೆ, ಅವರದ್ದೋ ಇವರದ್ದೋ?” ಜಯಲತಾ ಅನ್ನ ಬಡಿಸಿದರು. ತಾನು ಮಾಡಿದ್ದು ಸರಿಯೋ, ಬರೀ ಹಟವೋ ಎಂದು ಅವರಿಗೇ ಗೊತ್ತಿರಲಿಲ್ಲ.

ಅವರನ್ನು ಕಾಪಾಡಿದ್ದು ಮನೀಶ. ಮುಷ್ಕರ ಬಿದ್ದುಹೋದ ಹುರುಪಿನಲ್ಲಿ ಅವನು ಶೌಚಾಲಯಕ್ಕೆ ಪಾಸ್ ಜಾರಿಗೆ ತಂದ. ಪಾಳಿಗೆ ಎರಡು ಪಾಸು, ಪಾಸಿಗೆ ಐದು ನಿಮಿಷ, ಬಾಗಿಲಲ್ಲಿ ಗಡಿಯಾರ ಹಿಡಿದ ವಾಚ್‌ಮನ್. ಇಪ್ಪತ್ತೆರಡು ವರ್ಷ ಯಾವ ನಾಯಕನಿಂದಲೂ ಆಗದ ಒಗ್ಗಟ್ಟು ಆ ಗಡಿಯಾರದಿಂದ ಮೂರೇ ದಿನದಲ್ಲಿ ಆಯಿತು. ಎರಡನೇ ಮತದಾನದಲ್ಲಿ ಪರವಾಗಿ ನೂರ ಐವತ್ತೆರಡು.

ಐದನೇ ತಾರೀಕು ನಿಗದಿತ ನಮೂನೆಯಲ್ಲಿ ನೋಟಿಸ್ ಕೊಟ್ಟರು. ಇಪ್ಪತ್ತಕ್ಕೆ ಮುಷ್ಕರ. ಕಂಪನಿಯ ವಕೀಲರು ಮನೀಶನಿಗೆ ಕಿವಿಮಾತು ಹೇಳಿದರು: ಅವರು ಅದಕ್ಕೂ ಮುಂಚೆ ಹೊರಗೆ ಬಂದರೆ ಕಾಯ್ದೆಬಾಹಿರ, ಆಗ ಆಟ ನಮ್ಮದು. ಹದಿನಾರಕ್ಕೆ ಮನೀಶ ಶೇಖರನಿಗೆ ಚಾರ್ಜ್‌ಶೀಟ್ ಕೊಟ್ಟ. ಪಾಸು ಮೀರಿ ಎರಡು ನಿಮಿಷ ಹೆಚ್ಚು ಶೌಚಾಲಯದಲ್ಲಿ ಇದ್ದದ್ದು ಅಪರಾಧ. ಯಂತ್ರಗಳು ಒಂದೊಂದಾಗಿ ನಿಂತವು. ಕ್ಯಾಬಿನ್ನಿನ ಗಾಜಿನ ಹಿಂದೆ ಮನೀಶ ಮೊಬೈಲ್ ಎತ್ತಿ ವಿಡಿಯೊ ಶುರು ಮಾಡಿದ.

ಜಯಲತಾ ಓಡಿ ಬಂದು ಸಾಲಿನ ನಡುವೆ ನಿಂತರು. “ಇವತ್ತು ಹನ್ನೊಂದನೇ ದಿನ! ನಾಲ್ಕು ದಿನ ಸಿಟ್ಟನ್ನು ಕಿಸೆಯಲ್ಲಿಡಿ. ಶೇಖರಾ, ಮೊದಲು ನಿನ್ನ ಯಂತ್ರ.”

ಶೇಖರ ಹಲ್ಲು ಕಚ್ಚಿ ಸ್ವಿಚ್ ಒತ್ತಿದ. ಮನೀಶನ ಮೊಬೈಲಿನಲ್ಲಿ ದಾಖಲಾದದ್ದು ಹತ್ತು ನಿಮಿಷದ ಶಿಸ್ತಿನ ಉತ್ಪಾದನೆ.

ಇಪ್ಪತ್ತರಂದು ಮುಷ್ಕರ ಶುರುವಾಯಿತು. ಗೇಟಿನಾಚೆ ಚಾಪೆ ಹಾಸಿ ಕೂತರು; ಕಲ್ಲಿಲ್ಲ, ಬೈಗುಳವಿಲ್ಲ, ಹಾಜರಿ ಪುಸ್ತಕ ಮಾತ್ರ ಇತ್ತು. ಕಂಪನಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು. ನೋಟಿಸ್ ಬೋರ್ಡಿನ ಫೋಟೊ ಹಿಡಿದು ವಕೀಲರು ಗುಡುಗಿದರು: “ಬಹುಮತವೇ ಇಲ್ಲ, ಇಗೋ ಅಧ್ಯಕ್ಷೆಯದೇ ಸಹಿ!” ನ್ಯಾಯಾಧೀಶರು ನಡಾವಳಿ ಪುಸ್ತಕ ಕೇಳಿದರು. ಮೊದಲ ಮತದಾನದ ಸೋಲು ಅದರಲ್ಲಿತ್ತು, ಎರಡನೆಯದರ ಗೆಲುವು ಇತ್ತು, ನಡುವೆ ಶೌಚಾಲಯದ ಪಾಸಿನ ಪೂರ್ತಿ ವಿವರ ಇತ್ತು. ನ್ಯಾಯಾಧೀಶರು ಆ ಪುಟವನ್ನು ಎರಡು ಸಲ ಓದಿ, ವಕೀಲರತ್ತ ನೋಡಿ, “ಐದು ನಿಮಿಷವೇ?” ಎಂದಷ್ಟೇ ಕೇಳಿದರಂತೆ. ಕಂಪನಿಯ ಅರ್ಜಿ ವಜಾ ಆಯಿತು.

ಹದಿಮೂರನೇ ದಿನ ಒಪ್ಪಂದವಾಯಿತು. ಕೇಳಿದ ಏರಿಕೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತು, ಓವರ್‌ಟೈಮಿಗೆ ಎರಡು ಪಟ್ಟು ಸಿಕ್ಕಿತು, ಬಸ್ಸು ಸಿಕ್ಕಿತು, ಪಾಸು ರದ್ದಾಯಿತು, ಶೇಖರನ ಚಾರ್ಜ್‌ಶೀಟ್ ವಾಪಸಾಯಿತು. ಮುಷ್ಕರದ ದಿನಗಳ ಸಂಬಳ ಯಾರಿಗೂ ಸಿಗಲಿಲ್ಲ. ಒಪ್ಪಂದ ಮೂರು ವರ್ಷದ್ದು, ಅಲ್ಲಿವರೆಗೆ ಇದೇ ವಿಷಯಗಳಿಗೆ ಮುಷ್ಕರ ಹೂಡುವಂತಿಲ್ಲ ಎಂದು ಜಯಲತಾ ವಿವರಿಸಿದಾಗ, “ಅಂದ್ರೆ ಮೂರು ವರ್ಷ ಬಾಯಿಗೂ ಮುಚ್ಚಳವಾ?” ಎಂದು ಶೇಖರ ಗೊಣಗಿದ. ಅವನು ಪೂರ್ತಿ ತಪ್ಪೂ ಹೇಳಿರಲಿಲ್ಲ.

ಸೇಠ್‌ಜಿಯ ಸಿಟ್ಟು ಕಾರ್ಮಿಕರ ಮೇಲೆ ಇಳಿಯುವ ಹಾಗಿರಲಿಲ್ಲ. ಮುಂದಿನ ತಿಂಗಳು ಅದು ಮನೀಶನ ಮೇಲೆ ಇಳಿಯಿತು. ಬೆಳಿಗ್ಗೆ ಕೆಲಸದಿಂದ ತೆಗೆದ ಪತ್ರ, ಮಧ್ಯಾಹ್ನದೊಳಗೆ ಕ್ಯಾಬಿನ್ ಖಾಲಿ ಮಾಡಬೇಕು. ರಟ್ಟಿನ ಪೆಟ್ಟಿಗೆ ಹಿಡಿದು ಅವನು ಪ್ಯಾಕಿಂಗ್ ವಿಭಾಗಕ್ಕೆ ಬಂದ.

“ಅಕ್ಕಾ, ನಿಮ್ಮ ಯೂನಿಯನ್ ನಂಗೂ ಎಂತಾದ್ರೂ ಮಾಡ್ಲಿಕ್ಕಾಗ್ತದಾ?”

ಜಯಲತಾ ಪುಸ್ತಕ ತೆರೆದರು. ಉತ್ತರ ಗೊತ್ತಿದ್ದರೂ ಪುಟ ಹುಡುಕಿ, ಬೆರಳಿಟ್ಟು ಓದಿದರು. ಅವರಿಗೆ ನಿಜಕ್ಕೂ ಬೇಜಾರಾಗಿತ್ತು.

“ಮ್ಯಾನೇಜರ್ ಕೆಲಸ ಮಾಡುವವರು ಈ ಕಾಯ್ದೆಯಲ್ಲಿ ಕಾರ್ಮಿಕರಲ್ಲ ಮನೀಶ್,” ಎಂದರು. “ಕೂತ್ಕೊಳ್ಳಿ, ಚಹಾ ಕುಡಿದು ಹೋಗಿ.”