ಅಪ್‌ಡೇಟ್ ಮಾಡಿಟ್ಟ ರೌಟರ್

ಮಂಗಳೂರಿನ ಫಳ್ನೀರಿನ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯ ಟೀಚರ್ ಗಲ್ಫಿನಲ್ಲಿರುವ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಕಲಿಸುತ್ತಾರೆ. ಅವರ ಮನೆಯಲ್ಲಿ ಯಾರಾದರೂ ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಹೊರಟರೆ ಸಾಕು, ಪಾಠದ ನಡುವೆ ಟೀಚರ್ ಮಾತು ತುಂಡು ತುಂಡಾಗುತ್ತಿತ್ತು. ಆ ದಿನದ ಸಂಜೆ ತರಗತಿಯೂ ಹಾಗೇ ಆದರೆ ಬೇರೆ ಟೀಚರನ್ನು ನೋಡಿಕೊಳ್ಳುತ್ತೇವೆ ಎಂದು ಮಕ್ಕಳ ಹೆತ್ತವರು ಖಡಾಖಂಡಿತವಾಗಿ ಹೇಳಿದ್ದರು.

ಆಸ್ಪತ್ರೆಗಳ ನೆಟ್‌ವರ್ಕ್ ನೋಡಿಕೊಳ್ಳುವವಳು ನಾನು. ನನಗೆ ಇದು ಯಾವ ಲೆಕ್ಕ? ರೌಟರನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್, ಅಂದರೆ ಕಂಪನಿಯ ಫರ್ಮ್‌ವೇರ್ ತೆಗೆದು, ಹೊರಗಿನವರು ಬರೆದು ಎಲ್ಲರಿಗೂ ಬಿಟ್ಟಿರುವ ಫರ್ಮ್‌ವೇರ್ ಹಾಕಿದರೆ, ದೊಡ್ಡ ಫೈಲು ಎಷ್ಟು ನುಗ್ಗಿದರೂ ರೌಟರ್ ಮಾತಿಗೆ ದಾರಿ ಬಿಡುತ್ತದೆ. ನಮ್ಮ ಮನೆಯ ರೌಟರೂ ಅದೇ ಮಾದರಿ, ಅದಕ್ಕೆ ಹಿಂದೆಯೇ ಹಾಕಿದ್ದೆ. ಚಹಾ ಕುದಿಯುವುದರೊಳಗೆ ಮುಗಿಸುತ್ತೇನೆ ಎಂದು ಜಂಬ ಕೊಚ್ಚಿಕೊಂಡೇ ಮಧ್ಯಾಹ್ನ ಕೆಳಗಿಳಿದೆ.

ಫೈಲ್ ಕೊಟ್ಟೆ. ಸಹಿ ಸರಿಯಿಲ್ಲವೆಂದು ರೌಟರ್ ಅದನ್ನು ತಳ್ಳಿಹಾಕಿತು. ಅರೆ, ನಮ್ಮದು ಹೀಗೆ ಮಾಡಿರಲಿಲ್ಲವಲ್ಲ!

"ಅಕ್ಕ, ನೀವು ಬರ್ತೀರಿ ಅಂತ ಬೆಳಿಗ್ಗೆಯೇ ಅದನ್ನು ಒರೆಸಿ, ಅಪ್‌ಡೇಟ್ ಕೂಡ ಮಾಡಿಟ್ಟೆ" ಎಂದರು ಟೀಚರ್.

ನೆಂಟರು ಬರುವ ಮೊದಲು ಮನೆ ಗುಡಿಸುವ ಹಾಗೆ! ನನ್ನ ಪಿತ್ತ ನೆತ್ತಿಗೇರಿತು. ಯಾರು ಹೇಳಿದ್ದು ನಿಮಗೆ ಎಂದು ರೇಗಿಬಿಟ್ಟೆ. ಹಳೆಯ ಆವೃತ್ತಿ ಯಾವ ಫೈಲನ್ನೂ ತೆಗೆದುಕೊಳ್ಳುತ್ತಿತ್ತು. ಹೊಸದು ಹಾಗಲ್ಲ. ಕಂಪನಿ ತನ್ನಲ್ಲೇ ಬಚ್ಚಿಟ್ಟುಕೊಂಡ ಕೀಲಿಯಿಂದ ಫೈಲಿಗೆ ಸಹಿ ಹಾಕುತ್ತದೆ. ಅದಕ್ಕೆ ಜೋಡಿಯಾದ ಇನ್ನೊಂದು ಕೀಲಿ ರೌಟರಿನಲ್ಲಿದ್ದು, ಸಹಿಯನ್ನು ತಾಳೆ ನೋಡುತ್ತದೆ. ಆ ಬಚ್ಚಿಟ್ಟ ಕೀಲಿ ಇಲ್ಲದವರು ತಲೆಕೆಳಗಾಗಿ ನಿಂತರೂ ಸರಿಯಾದ ಸಹಿ ಹಾಕಲಾಗದು. ಹಿಂದಿನ ಆವೃತ್ತಿಗೆ ಮರಳಲೂ ಬಿಡಲಿಲ್ಲ. ರೀಸೆಟ್ ಗುಂಡಿ ಒತ್ತಿಹಿಡಿದು ಪವರ್ ಕೊಟ್ಟು ರಿಕವರಿ ದಾರಿಯಲ್ಲಿ ನೋಡಿದೆ. ರೌಟರ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ ಬೂಟ್‌ಲೋಡರನ್ನೂ ಅಪ್‌ಡೇಟ್ ಬದಲಿಸಿತ್ತು. ಅಲ್ಲಿಯೂ ಅದೇ ಪರೀಕ್ಷೆ.

ಟೀಚರ್ ಮುಖ ಸಪ್ಪೆಯಾಗಿತ್ತು. "ಹಾಗಾದ್ರೆ ಇವತ್ತು ಎಂತ ಮಾಡುವುದು?"

ರೇಗಿದ್ದಕ್ಕೆ ನನಗೇ ನಾಚಿಕೆಯಾಯಿತು. ಸಹಾಯವಾಗಲಿ ಎಂದೇ ತಾನೇ ಪಾಪ ಅವರು ಮಾಡಿದ್ದು. ಸರಸರನೆ ಮೇಲೆ ಹತ್ತಿ, ಗಂಡ ಮ್ಯಾಚ್ ನೋಡುತ್ತಿದ್ದಂತೆಯೇ ನಮ್ಮ ರೌಟರ್ ಕಿತ್ತುಕೊಂಡು ಬಂದೆ. ಅದಕ್ಕೆ ಟೀಚರ್ ಮನೆಯ ಲೈನಿನ ಹೆಸರು, ಪಾಸ್‌ವರ್ಡ್ ತುಂಬಿಸಿದೆ. ವೇಗದ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ತುಸು ಕೆಳಗಿಟ್ಟೆ. ಹಾಗಿಟ್ಟರೆ ಮಾತ್ರ ಹೊರಹೋಗಲು ಕಾಯುವ ಡೇಟಾದ ಸಾಲು ರೌಟರಿನ ಹಿಡಿತದಲ್ಲಿರುತ್ತದೆ. ಅವರ ಅತ್ತೆಯ ಫೋನಿನಿಂದ ಬೇಕೆಂದೇ ಒಂದು ಮದುವೆ ವಿಡಿಯೊ ಅಪ್‌ಲೋಡಿಗೆ ಹಾಕಿಸಿದೆ.

"ನಿಮ್ಮ ಮನೆಗೆ?" ಎಂದು ಟೀಚರ್ ಕೇಳಿದರು. ನಿಮ್ಮ ಬೀಗ ಹಾಕಿದ ರೌಟರ್ ನಮಗಿರಲಿ, ನಮ್ಮಲ್ಲಿ ಪಾಠ ಮಾಡುವವರು ಯಾರೂ ಇಲ್ಲ ಎಂದೆ.

ಆ ವಿಡಿಯೊ ಇನ್ನೂ ಹೋಗುತ್ತಿರುವಾಗಲೇ ತರಗತಿ ಶುರುವಾಯಿತು. ಭಿನ್ನರಾಶಿಯ ನಡುವೆ ಟೀಚರ್ ಅಭ್ಯಾಸಬಲದಿಂದ ನಿಂತು, "ನನ್ನ ಮಾತು ಕೇಳ್ತದಾ?" ಎಂದರು.

"ಕೇಳ್ತದೆ ಟೀಚರ್, ಮುಂದೆ ಹೇಳಿ" ಎಂದಿತು ದಮ್ಮಾಮಿನ ಒಂದು ಮಗು.

ಟೀಚರ್ ನನ್ನತ್ತ ತಿರುಗಿ ಒಮ್ಮೆ ನಕ್ಕು, ಭಿನ್ನರಾಶಿಗೆ ಮರಳಿದರು.