ಹಳೆಮನೆಯ ಸವಕಳಿ

ಅಡುಗೆಕೋಣೆಯ ವಯರಿನಿಂದ ಹತ್ತಿದ ಬೆಂಕಿಗೆ ನಮ್ಮ ಮನೆಯ ಹೆಂಚಿನ ಮಾಡು ಪೂರ್ತಿ ಹೋಯಿತು. ಜೀವ ಉಳಿಯಿತಲ್ಲ ಎಂದು ಜನ ಹೇಳಿದರು. ಉಳಿದ ಜೀವವನ್ನು ಎಲ್ಲಿ ಮಲಗಿಸುವುದು ಎಂದು ಯಾರೂ ಹೇಳಲಿಲ್ಲ. ವಿಮೆ ಇತ್ತು. ಆ ಕಂಪನಿಯ ಕಾಗದ ಬಂದಾಗ ನಮ್ಮ ಊರು ಕಾಪುವಿಗೆ ಮಳೆ ಬರಲು ಒಂದು ತಿಂಗಳೂ ಇರಲಿಲ್ಲ. ನಾವು ಟರ್ಪಾಲಿನ ಅಡಿಯಲ್ಲಿದ್ದೆವು.

ಎಪ್ಪತ್ತೈದು ಸಾವಿರ ಕೊಡುತ್ತಾರಂತೆ. ನಾನು ಪೆನ್ನು ಹುಡುಕಿದೆ. ಸೊಸೆ ಕಾಗದ ಕಿತ್ತುಕೊಂಡಳು.

"ಅತ್ತೆ, 'ಪೂರ್ಣ ಮತ್ತು ಅಂತಿಮ' ಅಂತ ಉಂಟು. ಸಹಿ ಹಾಕಿದ್ರೆ ಮತ್ತೆ ಕೇಳುವ ಹಾಗಿಲ್ಲ."

"ಬೇಡ ಅಂದ್ರೆ ಇದೂ ಕೊಡದಿದ್ರೆ? ಮಳೆಗೆ ನಿನ್ನ ಸೆರಗು ಹಿಡಿಯುವುದಾ?"

ಮರುದಿನ ಉಡುಪಿಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ, ಬೆಂಕಿಯ ನಷ್ಟ ನೋಡಲು ಬಂದಿದ್ದ ಸರ್ವೇಯರ್ ಬರೆದ ವರದಿ ತೋರಿಸಿದರು. ರಿಪೇರಿಗೆ ಒಂದು ಲಕ್ಷ ಅರವತ್ತು ಸಾವಿರ. ಮನೆಗೆ ನಲವತ್ತು ವರ್ಷ, ಆದ್ದರಿಂದ ಸವಕಳಿ ಎಂದು ಅದರಲ್ಲಿ ಅರ್ಧ ಕಳೆದಿದ್ದರು. ಸುಡದೆ ಉಳಿದ ಹೆಂಚು, ಮರದ ಬೆಲೆ ಎಂದು ಮತ್ತೆ ಐದು ಸಾವಿರ.

"ನಲವತ್ತು ಯಾರು ಹೇಳಿದ್ದು?" ಎಂದಳು ಸೊಸೆ.

"ನಿಮ್ಮ ಅತ್ತೆಯೇ ಹೇಳಿದ್ದಂತೆ."

ಹೌದು, ಹೇಳಿದ್ದೆ. ಎಷ್ಟು ವರ್ಷದ ಮನೆ ಎಂದು ಸರ್ವೇಯರ್ ಕೇಳಿದಾಗ, "ಇದು ಹಳೆಮನೆ, ನಾನು ಮದುವೆಯಾಗಿ ಬಂದೇ ನಲವತ್ತು ವರ್ಷವಾಯಿತು" ಎಂದಿದ್ದೆ. ಆ ಜಾಗದ ಹೆಸರೇ ಹಳೆಮನೆ. ನಾನು ಬಂದಾಗ ಇದ್ದ ಮನೆಯನ್ನು ಕೆಡವಿ ಹೊಸದು ಕಟ್ಟಿಸಿ ಹತ್ತು ವರ್ಷವಷ್ಟೇ ಆಗಿತ್ತು. ಹೆಸರು ಮಾತ್ರ ಹೋಗಿರಲಿಲ್ಲ.

ಈಗ ಮಾತು ಬದಲಿಸಿದರೆ ಸುಳ್ಳುಗಾರ್ತಿ ಎಂದು ಎಲ್ಲವನ್ನೂ ನಿಲ್ಲಿಸಿದರೆ? ಸೊಸೆ ಅಲ್ಲೇ ಬೆಂಚಿನ ಮೇಲೆ ಕುಳಿತು ಲೆಕ್ಕ ಬರೆದಳು. ನಲವತ್ತು ವರ್ಷಕ್ಕೆ ಅರ್ಧವಾದರೆ ಹತ್ತು ವರ್ಷಕ್ಕೆ ಆ ಕಳೆದ ಎಂಬತ್ತು ಸಾವಿರದ ಕಾಲು ಭಾಗ, ಅಂದರೆ ಇಪ್ಪತ್ತು ಸಾವಿರ. ಉಳಿದ ಹೆಂಚು, ಮರದ ಐದು ಸಾವಿರವನ್ನೂ ಕಳೆದರೆ ಒಂದು ಲಕ್ಷ ಮೂವತ್ತೈದು ಸಾವಿರ ಬರಬೇಕು. ಎಪ್ಪತ್ತೈದು ಸಾವಿರಕ್ಕೆ ಒಪ್ಪಿಗೆಯಿಲ್ಲ ಎಂದು ಕೆಳಗೆ ಬರೆದು ನನ್ನ ಮುಂದೆ ಹಿಡಿದಳು.

"ಇದಕ್ಕೆ ಹಾಕಿ ಸಹಿ."

ಹಾಕಿದೆ. ಅಕ್ಷರ ಎರೆಹುಳದ ಹಾಗೆ ಹೋಯಿತು.

"ದಾಖಲೆ ಬೇಕು ಅಮ್ಮ," ಎಂದರು ಅಧಿಕಾರಿ. "ಬಾಯಿಮಾತು ಆಗುವುದಿಲ್ಲ."

"ಕಳೆಯುವಾಗ ಆಗಿತ್ತಲ್ಲ?" ಎಂದುಬಿಟ್ಟೆ. ಹೆದರಿಕೆ ಹೆಚ್ಚಾದರೆ ನನ್ನ ಬಾಯಿ ನಿಲ್ಲುವುದಿಲ್ಲ. ಅವರು ನಗಲಿಲ್ಲ. ಆದರೆ ಅರ್ಜಿಗೆ ಸೀಲು ಹೊಡೆದು ಪ್ರತಿ ಕೊಟ್ಟರು.

ಪಂಚಾಯತಿನಲ್ಲಿ, ಹತ್ತು ವರ್ಷದ ಹಿಂದೆ ಮನೆ ಕಟ್ಟಲು ಕೊಟ್ಟ ಪರವಾನಗಿಯ ನಕಲು ಸಿಕ್ಕಿತು. ಅದನ್ನು ಕೊಟ್ಟ ಮೇಲೆ ಸರ್ವೇಯರ್ ಪುನಃ ಬಂದರು.

"ಎಷ್ಟು ವರ್ಷದ ಮನೆ ಅಮ್ಮ?"

ನಾನು ತುಟಿ ಬಿಗಿದುಕೊಂಡು ಸೊಸೆಯ ಕಡೆ ಕೈ ತೋರಿಸಿದೆ.

ಹೊಸ ಕಾಗದ ಬರುವ ಮೊದಲೇ ಮಳೆ ಬಂತು. ಹತ್ತು ದಿನ ಪಾತ್ರೆ ಇಟ್ಟು ನೀರು ಹಿಡಿದೆವು. ಪ್ರತಿ ಹನಿಗೂ ಆ ಎಪ್ಪತ್ತೈದು ಸಾವಿರ ನೆನಪಾಗುತ್ತಿತ್ತು. ಕೊನೆಗೆ ಬಂದ ಕಾಗದದಲ್ಲಿ ಸೊಸೆ ಬರೆದ ಮೊತ್ತವೇ ಇತ್ತು. ಮೂರು ಸಲ ಓದಿಸಿ, ಆಮೇಲೆ ಸಹಿ ಹಾಕಿದೆ.